ರಾಜಿಗೆ ಒತ್ತಾಯಿಸುವ ಗೆಳತಿಯನ್ನು ತಡೆಯುವುದು

“ಯೋಚಿಸಿಯೇ ಅಣ್ಣನೊಂದಿಗೆ ಮಾತು ಬಿಟ್ಟಿದ್ದೇನೆ. ಗೆಳತಿ ಮಾತ್ರ ಪ್ರತಿ ಹಬ್ಬಕ್ಕೂ ‘ಒಂದು ಫೋನ್ ಮಾಡು’ ಎನ್ನುತ್ತಾಳೆ. ಅವಳನ್ನು ಕಳೆದುಕೊಳ್ಳದೆ ನಿಲ್ಲಿಸುವುದು ಹೇಗೆ?”

ಬಹುಶಃ ನೀವು ಪ್ರತಿ ಸಲವೂ ಕಾರಣ ವಿವರಿಸುತ್ತಿದ್ದೀರಿ. ಕಾರಣ ಕೇಳಿದೊಡನೆ ಅವಳಿಗೆ ಅದು ಇನ್ನೂ ಬಗೆಹರಿಯಬಹುದಾದ ಜಗಳದಂತೆ ಕಾಣುತ್ತದೆ. ಒಂದೊಂದಕ್ಕೂ ಸಮಾಧಾನ ಹುಡುಕಿಕೊಡುತ್ತಾಳೆ. ಹಾಗಾಗಿ ಅಣ್ಣನ ವಿಷಯ ಬಿಟ್ಟು, ಅವಳ ಒತ್ತಾಯದ ಬಗ್ಗೆಯಷ್ಟೇ ಮಾತನಾಡಿ.

ಹಬ್ಬಕ್ಕೆ ಮೊದಲೇ, ಇಬ್ಬರೇ ಇರುವಾಗ ಹೇಳಿ: “ನನ್ನ ಒಳ್ಳೆಯದಕ್ಕೇ ಹೇಳುತ್ತೀಯೆಂದು ಗೊತ್ತು. ಆದರೆ ನನ್ನ ತೀರ್ಮಾನ ಆಗಿಹೋಗಿದೆ. ನೀನು ಒತ್ತಾಯಿಸಿದಾಗಲೆಲ್ಲ ನಿನ್ನ ಮನೆಗೆ ಬರಲು ಮನಸ್ಸು ಹಿಂಜರಿಯುತ್ತದೆ. ಇನ್ನು ಅವನ ಮಾತು ಎತ್ತಬೇಡ.” ‘ಸದ್ಯಕ್ಕೆ ಬೇಡ’ ಎನ್ನಬೇಡಿ, ಮುಂದಿನ ಹಬ್ಬಕ್ಕೆ ಕೇಳು ಎಂದಂತಾಗುತ್ತದೆ.

ಮತ್ತೆ ಎತ್ತಿದರೆ “ಅದು ಬೇಡವೆಂದಿದ್ದೆ” ಎಂದು ಬೇರೆ ಮಾತಿಗೆ ಹೊರಳಿ. ಆಗಲೂ ಬಿಡದಿದ್ದರೆ “ನಾಳೆ ಮಾತನಾಡೋಣ” ಎಂದು ಫೋನ್ ಇಡಿ. ಮರುದಿನ ನೀವೇ ಕರೆ ಮಾಡಿ, ಎಂದಿನಂತೆ ಹರಟಿ. ನೀವು ದೂರವಿಟ್ಟದ್ದು ಆ ವಿಷಯವನ್ನು, ತನ್ನನ್ನಲ್ಲ ಎಂಬುದು ಅವಳಿಗೆ ತಿಳಿಯುವುದು ಆ ಕರೆಯಿಂದಲೇ.

ಅಣ್ಣನೋ ತಾಯಿಯೋ ಅವಳಿಂದ ಹೇಳಿಸುತ್ತಿದ್ದಾರೆಯೇ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಿಲ್ಲ. ಅವಳನ್ನೇ ನೇರವಾಗಿ ಕೇಳಿ. ಹೌದೆಂದರೆ, ನಿಮ್ಮ ಸುದ್ದಿ, ಫೋಟೊ ಯಾವುದನ್ನೂ ಅತ್ತ ದಾಟಿಸಬಾರದೆಂದೂ ಹೇಳಿಬಿಡಿ.