ಬಿಸಿಯೇರಿದ ಇಮೇಲ್ ಸರಣಿಯನ್ನು ಫೋನಿಗೆ ತರುವ ನಾಲ್ಕು ಸಾಲು

ಪ್ರಶ್ನೆ: ಕೆಲಸದ ವಿಷಯದ ಒಂದು ಇಮೇಲ್ ಸರಣಿ ನೋಡನೋಡುತ್ತಿದ್ದಂತೆ ಜಗಳವಾಗಿದೆ. ಫೋನಿನಲ್ಲಿ ಮಾತಾಡೋಣ ಎಂದು ಬರೆಯಬೇಕೆಂದಿದ್ದೇನೆ. ಹಾಗೆ ಬರೆದರೆ ನಾನು ಸೋತಂತಾಗುತ್ತದೆಯೇ, ಅವರ ಸಿಟ್ಟು ಇನ್ನೂ ಹೆಚ್ಚುತ್ತದೆಯೇ ಎಂಬ ಅಳುಕಿದೆ. ಏನೆಂದು ಬರೆಯಲಿ?

ಬರೆಯಿರಿ. ಆದರೆ ನಾಲ್ಕೈದು ಸಾಲು ಮೀರಬೇಡಿ, ಮತ್ತು ಆ ಸಾಲುಗಳಲ್ಲಿ ನಿಮ್ಮ ವಾದದ ಒಂದು ಎಳೆಯೂ ಉಳಿಯದಂತೆ ನೋಡಿಕೊಳ್ಳಿ. ಸೋತಂತಾಗುವುದು ಫೋನ್ ಮಾಡೋಣ ಎಂದಿದ್ದಕ್ಕಲ್ಲ, ಅದರ ಜೊತೆಗೆ ಕ್ಷಮೆಯನ್ನೋ ಸಮಜಾಯಿಷಿಯನ್ನೋ ಸೇರಿಸಿದಾಗ. ಸಿಟ್ಟು ಹೆಚ್ಚುವುದು ಅದರ ಜೊತೆಗೆ ಒಂದು ಕೊನೆಯ ಚುಚ್ಚುಮಾತನ್ನು ಸೇರಿಸಿದಾಗ. ಎರಡನ್ನೂ ಬಿಟ್ಟರೆ ಉಳಿಯುವುದು ಬರೀ ಒಂದು ಸಮಯದ ಪ್ರಸ್ತಾಪ, ಅದರಲ್ಲಿ ಗೆಲುವು ಸೋಲು ಎರಡೂ ಇರುವುದಿಲ್ಲ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಪಂಪ್ ತಯಾರಿಸುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ನನಗೆ ಇದು ಮನದಟ್ಟಾದದ್ದು ಬೆಳಗಾವಿಯ, ಲೋಹ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯ ಜೊತೆ ನಡೆದ ತಕರಾರಿನಲ್ಲಿ. ಅವರು ಕಳುಹಿಸಿದ 120 ಪಂಪ್ ಕೇಸಿಂಗ್‌ಗಳು ನಮ್ಮ ಒಳಬರುವ ತಪಾಸಣೆಯಲ್ಲಿ ಸರಿಯಾಗಿಯೇ ಕಂಡಿದ್ದವು. ಮಷಿನಿಂಗ್, ಅಂದರೆ ಯಂತ್ರದಲ್ಲಿ ಕೊರೆದು ಅಳತೆಗೆ ತರುವ ಕೆಲಸ, ಆದ ಮೇಲೆ 31ರಲ್ಲಿ ಬ್ಲೋಹೋಲ್ ಕಾಣಿಸಿಕೊಂಡವು. ಬ್ಲೋಹೋಲ್ ಎಂದರೆ ಲೋಹ ಗಟ್ಟಿಯಾಗುವಾಗ ಒಳಗೆ ಸಿಕ್ಕಿಕೊಂಡ ಅನಿಲದಿಂದ ಆಗುವ ಗುಳ್ಳೆಯಂಥ ಟೊಳ್ಳು. ಎಷ್ಟೋ ಸಲ ಅದು ಮೇಲ್ಪದರದ ಕೆಳಗೆ ಅಡಗಿರುವುದರಿಂದ ಮೇಲ್ಮೈ ಕೊರೆದ ನಂತರವೇ ಕಣ್ಣಿಗೆ ಬೀಳುತ್ತದೆ. ಬದಲಿ ಕಾಸ್ಟಿಂಗ್ ಕೊಡಲು ಫೌಂಡ್ರಿಯವರು ಒಪ್ಪಿದ್ದರು. ಆ 31ರ ಮೇಲೆ ನಾವು ಈಗಾಗಲೇ ಸುರಿದಿದ್ದ ಮಷಿನಿಂಗ್ ಖರ್ಚನ್ನು ಯಾರು ಹೊರಬೇಕು ಎಂಬುದೇ ಜಗಳದ ಮೂಲ.

ಎರಡು ದಿನಗಳಲ್ಲಿ 11 ಮೇಲ್‌ಗಳು ಓಡಾಡಿದವು. ಮೊದಲ ಮೇಲ್‌ನಲ್ಲಿ ಮೂವರಿದ್ದರು, ಹನ್ನೊಂದನೆಯದರಲ್ಲಿ ಒಂಬತ್ತು ಜನ. ಅವರು ಪ್ರತಿ ಮೇಲ್‌ನಲ್ಲೂ “ವಿವರ ಕೊಡಿ” ಎಂದು ಕೇಳುತ್ತಿದ್ದರು, ನಾವು ಅದನ್ನು ಕಾಲಹರಣ ಎಂದುಕೊಂಡು “ಖರೀದಿ ಆದೇಶವನ್ನು ಇನ್ನೊಮ್ಮೆ ಓದಿ” ಎಂದು ಬರೆದೆವು. ಆ ವಾಕ್ಯವನ್ನು ಬರೆದವನು ನಾನೇ. ಏಳನೆಯ ಷರತ್ತನ್ನು ನೋಡಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು, ಅವರಿಗೆ ಅದು ‘ನಿಮಗೆ ಓದಲು ಬರುವುದಿಲ್ಲ’ ಎಂದು ಕೇಳಿಸಿತ್ತು.

ಬರಹದಲ್ಲಿ ಧ್ವನಿಯ ಏರಿಳಿತ ಕಳೆದುಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ. ಎಷ್ಟು ಕಳೆದುಹೋಗುತ್ತದೆ ಎಂಬ ಅಂದಾಜು ಮಾತ್ರ ನಮಗಿರುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಪ್ರಯೋಗದಲ್ಲಿ, ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿ, ಕೆಲವನ್ನು ಗಂಭೀರವಾಗಿ ಹೇಳುವಂತೆ ಜನರಿಗೆ ಸೂಚಿಸಲಾಗಿತ್ತು. ತಮ್ಮ ಭಾವವನ್ನು ಎದುರಿನವರು ಸುಮಾರು 78 ಶೇಕಡಾ ಸರಿಯಾಗಿ ಗುರುತಿಸುತ್ತಾರೆ ಎಂದು ಇಮೇಲ್ ಬರೆದವರೂ ಎಣಿಸಿದ್ದರು, ಧ್ವನಿಯಲ್ಲಿ ಹೇಳಿದವರೂ ಎಣಿಸಿದ್ದರು. ಧ್ವನಿ ಕೇಳಿದವರು ಸುಮಾರು 73 ಶೇಕಡಾ ಸರಿಯಾಗಿ ಗುರುತಿಸಿದರು. ಇಮೇಲ್ ಓದಿದವರದು ಸುಮಾರು 56 ಶೇಕಡಾ, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು. “ಇನ್ನೊಮ್ಮೆ ಓದಿ” ಎಂಬ ನನ್ನ ಮಾತಿನ ಗತಿ ಇದಕ್ಕಿಂತ ಬೇರೆಯಾಗಿರಲು ಸಾಧ್ಯವಿರಲಿಲ್ಲ.

ಹನ್ನೆರಡನೆಯ ಮೇಲ್ ಆಗಿ ನಾನು ಕಳುಹಿಸಿದ್ದು ಇದು (ನಮ್ಮ ಪತ್ರವ್ಯವಹಾರ ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ):

“ನಮಸ್ಕಾರ ಸರ್. 31 ಕೇಸಿಂಗ್‌ಗಳ ವಿಚಾರದಲ್ಲಿ ಎರಡು ವಿಷಯ ತೀರ್ಮಾನವಾಗಬೇಕಿದೆ: ಬದಲಿ ಕಾಸ್ಟಿಂಗ್ ಬರುವ ದಿನಾಂಕ, ಮತ್ತು ಮಷಿನಿಂಗ್ ಖರ್ಚಿನ ಇತ್ಯರ್ಥ. ಇವುಗಳ ಬಗ್ಗೆ ಫೋನಿನಲ್ಲಿ 20 ನಿಮಿಷ ಮಾತಾಡಬಹುದೇ? ನಾಳೆ ಬೆಳಿಗ್ಗೆ 11ಕ್ಕೆ ಅಥವಾ ಮಧ್ಯಾಹ್ನ 3.30ಕ್ಕೆ ನಾನೇ ಕರೆ ಮಾಡುತ್ತೇನೆ. ಬೇರೆ ಸಮಯ ಅನುಕೂಲವಾದರೆ ತಿಳಿಸಿ. ಮಾತಾಡಿದ್ದನ್ನು ನಾಳೆಯೇ ಇದೇ ಸರಣಿಯಲ್ಲಿ ಬರೆದು ಕಳುಹಿಸುತ್ತೇನೆ.”

ಇದರ ಮೊದಲ ಕರಡಿನಲ್ಲಿ ‘ಮಷಿನಿಂಗ್ ಖರ್ಚಿನ ಪಾವತಿ’ ಎಂದು ಬರೆದಿದ್ದೆ. ಪಾವತಿ ಎಂದೊಡನೆ ಕೊಡಬೇಕಾದವರು ಅವರೇ ಎಂದು ತೀರ್ಪು ಕೊಟ್ಟ ಹಾಗೆ. ಆದ್ದರಿಂದ ‘ಇತ್ಯರ್ಥ’ ಎಂದು ತಿದ್ದಿದೆ. ಇಂಥ ಸಂದೇಶವನ್ನು ಪರೀಕ್ಷಿಸಲು ನಾನು ಈಗಲೂ ಒಂದೇ ಕ್ರಮ ಅನುಸರಿಸುತ್ತೇನೆ: ಇದೇ ಸಂದೇಶವನ್ನು ಎದುರಿನವರು ಒಂದು ಪದವನ್ನೂ ಬದಲಿಸದೆ ತಮ್ಮ ಸಹಿ ಹಾಕಿ ನನಗೆ ಕಳುಹಿಸಬಹುದೇ ಎಂದು ಕೇಳಿಕೊಳ್ಳುತ್ತೇನೆ. ಎಲ್ಲಿ ಅವರ ಕೈ ತಡೆಯುತ್ತದೋ ಅಲ್ಲಿ ನನ್ನ ಪಕ್ಷ ನುಸುಳಿದೆ ಎಂದು ಅರ್ಥ. “ಏನೋ ತಪ್ಪು ತಿಳಿವಳಿಕೆ ಆಗಿದೆ” ಎಂಬ ಸೌಮ್ಯವಾಗಿ ಕಾಣುವ ಮಾತೂ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ತಪ್ಪು ತಿಳಿದವರು ನೀವು ಎಂಬ ಧ್ವನಿ ಅದರಲ್ಲಿದೆ. “ಸಮಾಧಾನವಾಗಿ ಮಾತಾಡೋಣ” ಎಂದರೆ ನಿಮಗೆ ಸಮಾಧಾನವಿಲ್ಲ ಎಂದಂತೆ. “ದಾಖಲೆಗಾಗಿ ಒಂದು ಮಾತು” ಎಂದು ಆರಂಭವಾಗುವ ವಾಕ್ಯವಂತೂ ಬೇಡವೇ ಬೇಡ. ಅದನ್ನು ಓದಿದವರು ಕರೆಯ ವಿಚಾರವನ್ನು ಬಿಟ್ಟು ಆ ಮಾತಿಗೇ ಉತ್ತರ ಬರೆಯುತ್ತಾರೆ, ಹದಿಮೂರನೆಯ ಮೇಲ್ ಹುಟ್ಟುತ್ತದೆ.

ಕೊನೆಯ ವಾಕ್ಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಜಗಳದ ನಡುವೆ ಫೋನ್ ಮಾಡೋಣ ಎಂದರೆ, ಬರಹದಲ್ಲಿ ಸಿಕ್ಕಿಬೀಳದಂತೆ ಬಾಯಿಮಾತಿನಲ್ಲಿ ಮುಗಿಸುವ ಹುನ್ನಾರವಿರಬಹುದೇ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಬರೆದು ಕಳುಹಿಸುತ್ತೇನೆ ಎಂಬ ಭರವಸೆ ಆ ಅನುಮಾನವನ್ನು ಮೊದಲೇ ಕಳೆಯುತ್ತದೆ. ಎರಡು ಸಮಯಗಳನ್ನು ಕೊಟ್ಟದ್ದಕ್ಕೂ ಕಾರಣವಿದೆ. “ಯಾವಾಗ ಬಿಡುವು?” ಎಂದು ಕೇಳಿದರೆ ಸಿಟ್ಟಿನಲ್ಲಿರುವವರು ಉತ್ತರಿಸುವುದನ್ನೇ ಮುಂದೂಡುತ್ತಾರೆ, ಒಂದೇ ಸಮಯ ಕೊಟ್ಟರೆ ಅಪ್ಪಣೆಯಂತೆ ಕೇಳುತ್ತದೆ. ಹೇಳದೆ ಕೇಳದೆ ನೇರವಾಗಿ ಫೋನ್ ಮಾಡುವುದು ಇನ್ನೂ ಕೆಟ್ಟದ್ದು, ಅವರ ಎದುರಿನಲ್ಲಿ ಮಾಲೀಕರು ಕುಳಿತಿದ್ದರೆ ಅವರು ನಿಮ್ಮೊಂದಿಗೆ ಜಗಳದ ದನಿಯಲ್ಲೇ ಮಾತಾಡಬೇಕಾಗುತ್ತದೆ.

ಈ ಸಂದೇಶವನ್ನು ಅದೇ ಸರಣಿಯಲ್ಲಿ, ಎಲ್ಲರಿಗೂ ಹೋಗುವಂತೆ ಕಳುಹಿಸಿದೆ. ಒಬ್ಬರಿಗೇ ಕಳುಹಿಸಿದ್ದರೆ, ಉಳಿದ ಏಳು ಜನರಲ್ಲಿ ಯಾರೋ ಒಬ್ಬರು ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಖಾರದ ಮೇಲ್ ಹಾಕುತ್ತಿದ್ದರು. ಕರೆಯಲ್ಲಿ ಮಾತ್ರ ನಾನು, ಫೌಂಡ್ರಿಯ ಕಡೆಯಿಂದ ಮೇಲ್ ಬರೆಯುತ್ತಿದ್ದವರು ಮತ್ತು ನಮ್ಮ ಗುಣಮಟ್ಟ ವಿಭಾಗದ ಎಂಜಿನಿಯರ್. ಎಂಜಿನಿಯರ್ ಇರುತ್ತಾರೆ ಎಂಬುದನ್ನೂ ಕರೆ ಶುರುವಾದ ಕೂಡಲೇ ಹೇಳಿದೆ. ಸ್ಪೀಕರ್ ಹಾಕಿ ಹಿರಿಯರನ್ನು ಸದ್ದಿಲ್ಲದೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಒಂದು ಕೆಮ್ಮು ಕೇಳಿಸಿದರೂ ಸಾಕು, ಅಲ್ಲಿಗೆ ನಂಬಿಕೆ ಮುಗಿಯಿತು.

ಮರುದಿನ 11ಕ್ಕೆ ಕರೆ ಮಾಡಿದಾಗ ಫೌಂಡ್ರಿಯವರು ಆಡಿದ ಮೊದಲ ಮಾತು: “ಹೇಳ್ರಿ ಸರ್, ನಿಮ್ಮ ಫೋನಿನ ಹಾದೀನ ನೋಡಾಕತ್ತಿದ್ದೆ.” ಎರಡು ದಿನ ಇಂಗ್ಲಿಷಿನಲ್ಲಿ ಷರತ್ತುಗಳನ್ನು ಎಸೆದುಕೊಂಡಿದ್ದ ನಾವಿಬ್ಬರೂ ಕನ್ನಡಿಗರು ಎಂಬುದು ನನಗೆ ಆಗಲೇ ಅರಿವಿಗೆ ಬಂದದ್ದು. ನಾನು ನನ್ನ ವಾದವನ್ನು ಮುಂದಿಡದೆ, “ನೀವು ವಿವರ ಕೇಳುತ್ತಿದ್ದಿರಲ್ಲ, ಯಾವ ವಿವರ ಎಂದು ಮೊದಲು ಹೇಳಿ” ಎಂದು ಕೇಳಿ ಸುಮ್ಮನಾದೆ. ಅವರಿಗೆ ಬೇಕಾಗಿದ್ದದ್ದು ಹೀಟ್ ನಂಬರ್. ಒಂದೊಂದು ಸಲ ಕರಗಿಸಿದ ಲೋಹಕ್ಕೂ ಫೌಂಡ್ರಿಯಲ್ಲಿ ಒಂದು ಸಂಖ್ಯೆ ಇರುತ್ತದೆ, ಅದು ಕಾಸ್ಟಿಂಗ್‌ನ ಮೈಮೇಲೆ ಉಬ್ಬಿಕೊಂಡಿರುತ್ತದೆ. ನಾವು ಕಳುಹಿಸಿದ ಚಿತ್ರಗಳಲ್ಲಿ ಬ್ಲೋಹೋಲ್ ಎದ್ದು ಕಾಣುತ್ತಿತ್ತು, ಸಂಖ್ಯೆ ಇನ್ನೊಂದು ಮಗ್ಗುಲಿನಲ್ಲಿ ಉಳಿದುಹೋಗಿತ್ತು. ನಮ್ಮ ಎಂಜಿನಿಯರ್ ಫೋನ್ ಹಿಡಿದುಕೊಂಡೇ ಶೆಡ್ಡಿಗೆ ಹೋಗಿ 31ನ್ನೂ ತಿರುವಿ ನೋಡಿದರು. 27 ಒಂದೇ ಹೀಟ್‌ನವು. ತಮ್ಮ ಒಂದು ದಿನದ ಕೆಲಸದಲ್ಲಿ ಏನೋ ಎಡವಟ್ಟಾಗಿದೆ ಎಂಬುದನ್ನು ಆ ಸಂಖ್ಯೆ ಕೇಳಿದೊಡನೆ ಫೌಂಡ್ರಿಯವರೇ ಒಪ್ಪಿಕೊಂಡರು. ಆ 27ರ ಮಷಿನಿಂಗ್ ಖರ್ಚಿನಲ್ಲಿ ಅರ್ಧವನ್ನು ಹೊರಲು ಒಪ್ಪಿದರು. ಉಳಿದ 4ಕ್ಕೆ ಬದಲಿ ಮಾತ್ರ. ಉಳಿದರ್ಧದ ಬಗ್ಗೆ ಒಮ್ಮತ ಬರಲಿಲ್ಲ, ಅದನ್ನು ಎರಡೂ ಕಡೆಯ ಮಾಲೀಕರಿಗೆ ಬಿಟ್ಟೆವು.

ಕರೆ ಮುಗಿದು ಅರ್ಧ ಗಂಟೆಯೊಳಗೆ ಒಂಬತ್ತು ಜನರಿಗೂ ಬರೆದೆ: ಒಪ್ಪಿದ ಅಂಶಗಳು, ಒಪ್ಪದೆ ಉಳಿದ ಅಂಶ, ಯಾರು ಯಾವ ದಿನಾಂಕದೊಳಗೆ ಏನು ಮಾಡುತ್ತಾರೆ, ಮತ್ತು “ನಾನು ಬರೆದುಕೊಂಡದ್ದರಲ್ಲಿ ತಪ್ಪಿದ್ದರೆ ತಿದ್ದಿ” ಎಂಬ ಸಾಲು. ಒಪ್ಪದೆ ಉಳಿದದ್ದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೆ ಅದನ್ನು ಬಿಟ್ಟರೆ ಒಪ್ಪಿಕೊಂಡಂತೆ ತೋರಿಸಿದಿರಿ ಎಂಬ ಆಪಾದನೆ ಬರುತ್ತದೆ. ಅವರು ಒಂದು ದಿನಾಂಕವನ್ನಷ್ಟೇ ತಿದ್ದಿ ಕಳುಹಿಸಿದರು.

ಇದು ಎಲ್ಲ ಸರಣಿಗೂ ಒಗ್ಗುವುದಿಲ್ಲ. ಕಿರುಕುಳದ ದೂರು, ಶಿಸ್ತುಕ್ರಮ, ವಕೀಲರ ನೋಟಿಸಿನ ಹಂತ ತಲುಪಿದ ಬಾಕಿ, ಇಂಥವುಗಳಲ್ಲಿ ಪ್ರತಿ ಮಾತೂ ಬರಹದಲ್ಲೇ ಇರಬೇಕು. ಎದುರಿನವರು ಫೋನಿನಲ್ಲಿ ಬೈಯುವವರು, ಆಮೇಲೆ ಹಾಗೆ ಹೇಳಿಯೇ ಇಲ್ಲ ಎನ್ನುವವರು ಎಂದು ಅನುಭವದಿಂದ ಗೊತ್ತಿದ್ದರೂ ಅಷ್ಟೇ. ಕಿವಿ ಮಂದವಿರುವವರಿಗೆ, ಫೋನಿನಲ್ಲಿ ಆಡುವ ಭಾಷೆ ಸಲೀಸಾಗಿಲ್ಲದವರಿಗೆ ಇಮೇಲೇ ಅನುಕೂಲವಾಗಿರಬಹುದು.

“ಬೇಡ, ಬರಹದಲ್ಲೇ ತಿಳಿಸಿ” ಎಂಬ ಉತ್ತರ ಬಂದರೆ ಕಾರಣ ಕೇಳಬೇಡಿ, ಎರಡನೆಯ ಸಲ ಒತ್ತಾಯಿಸಬೇಡಿ. “ಆಗಲಿ, ಎರಡು ವಿಷಯಗಳನ್ನೂ ನಾಳೆ ಬೇರೆ ಬೇರೆ ಮೇಲ್‌ಗಳಲ್ಲಿ ಬರೆಯುತ್ತೇನೆ” ಎಂದು ತಿಳಿಸಿ, ಹಾಗೆಯೇ ಮಾಡಿ. ಒಂದು ಕೆಲಸದ ದಿನ ಕಳೆದರೂ ಉತ್ತರವೇ ಬಾರದಿದ್ದರೆ, ನೀವು ಸೂಚಿಸಿದ್ದ ಎರಡನೆಯ ಸಮಯದ ಮಾರನೆಯ ದಿನಕ್ಕೆ ಹೊಸ ಎರಡು ಸಮಯಗಳನ್ನು ಕೊಟ್ಟು ಅದೇ ಸಂದೇಶವನ್ನು ಒಮ್ಮೆ ಮಾತ್ರ ಮತ್ತೆ ಕಳುಹಿಸಿ. “ಉತ್ತರ ಬಂದಿಲ್ಲ” ಎಂಬ ಮಾತನ್ನು ಅದರಲ್ಲಿ ಸೇರಿಸಬೇಡಿ.