ವಾರ್ಡಿನಲ್ಲಿ ಓದಿ ಹೇಳಲು ಎಂಥ ಪುಸ್ತಕ?

ಪ್ರಶ್ನೆ: ಮುಂದಿನ ತಿಂಗಳಿಂದ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ವಾರಕ್ಕೊಮ್ಮೆ ರೋಗಿಗಳಿಗೆ ಪುಸ್ತಕ ಓದಿ ಹೇಳಲು ಒಪ್ಪಿಕೊಂಡಿದ್ದೇನೆ. ಯಾವ ಕನ್ನಡ ಪುಸ್ತಕಗಳನ್ನು ಒಯ್ಯಲಿ?

ಇಂಥದೇ ವಾರ್ಡಿನಲ್ಲಿ ನಾನು ನಾಲ್ಕು ವರ್ಷ ಓದಿದ್ದೇನೆ. ಮೊದಲ ದಿನ ದಪ್ಪ ಕಾದಂಬರಿಯೊಂದನ್ನು ಒಯ್ದದ್ದು ತಪ್ಪಾಯಿತು. ಮುಂದಿನ ವಾರ ಹೋಗುವಷ್ಟರಲ್ಲಿ ಕಥೆ ಕೇಳಿದವರೆಲ್ಲ ಮನೆ ಸೇರಿದ್ದರು, ಆ ಹಾಸಿಗೆಗಳಲ್ಲಿ ಹೊಸಬರಿದ್ದರು. ಆದ್ದರಿಂದ ಒಂದೇ ಸಲಕ್ಕೆ ಮುಗಿಯುವುದನ್ನೇ ಆರಿಸಿಕೊಳ್ಳಿ. ಗಟ್ಟಿಯಾಗಿ, ನಿಧಾನವಾಗಿ ಓದಿದರೆ ನನಗೆ ಪುಟವೊಂದಕ್ಕೆ ಸುಮಾರು ಎರಡೂವರೆ ನಿಮಿಷ ಹಿಡಿಯುತ್ತದೆ. ಕಾಲು ಗಂಟೆ ದಾಟಿದರೆ ಕೇಳುವವರು ತೂಕಡಿಸತೊಡಗುವುದರಿಂದ ಆರು ಪುಟಕ್ಕೆ ನಿಲ್ಲಿಸುತ್ತೇನೆ.

ನನ್ನ ಚೀಲದಲ್ಲಿ ಸದಾ ಇರುವುದು ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. ಅದರ ಭಾಷೆ ಎದುರಿಗೆ ಕುಳಿತು ಮಾತನಾಡಿದಂತಿದೆ, ಕಾಡು, ನಾಯಿ, ಶಿಕಾರಿಗಳ ಪ್ರಸಂಗಗಳು ಬಿಡಿಬಿಡಿಯಾಗಿವೆ, ನಡುವೆ ನರ್ಸ್ ಇಂಜೆಕ್ಷನ್ ಕೊಡಲು ಬಂದರೂ ಎಳೆ ತಪ್ಪುವುದಿಲ್ಲ. ಅಧ್ಯಾಯ ಉದ್ದವಾಗಿದ್ದರೆ ಪ್ರಸಂಗವೊಂದು ಮುಗಿಯುವಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡಿರಿ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರ ಮುಂದೆ ನಗೆಯ ಭಾಗಗಳನ್ನು ಓದಬೇಡಿ. ಹರ್ನಿಯಾ ಆಪರೇಷನ್ ಆದ ಮರುದಿನ ಒಬ್ಬರು ನಗುತ್ತಲೇ ಹೊಟ್ಟೆ ಹಿಡಿದುಕೊಂಡು ನರಳಿದರು. ನಕ್ಕಾಗ ಹೊಲಿಗೆಯ ಸುತ್ತಲಿನ ಸ್ನಾಯು ಬಿಗಿದು ನೋಯುತ್ತದೆಂದು, ಕೆಮ್ಮುವಾಗ ಮಾಡುವಂತೆ ದಿಂಬನ್ನು ಅಲ್ಲಿ ಒತ್ತಿ ಹಿಡಿಯಬೇಕೆಂದು ನರ್ಸ್ ತಿಳಿಸಿದರು. ಬೀಚಿಯವರ ಪುಸ್ತಕವನ್ನು ನಾನು ಮೂಳೆ ಮುರಿದವರ ಕಡೆಗೆ ಮಾತ್ರ ಒಯ್ಯುತ್ತೇನೆ.

ಎರಡನೆಯದು ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'. ನಾಲ್ಕೇ ಸಾಲಿನ ಪದ್ಯ, ದಣಿದವರಿಗೂ ಭಾರವಲ್ಲ; ಹಳೆಯ ಪದಗಳ ಅರ್ಥವನ್ನು ಮಾತ್ರ ಮನೆಯಲ್ಲೇ ನೋಡಿಕೊಂಡು ಹೋಗಬೇಕು. ಇಲ್ಲಿಯೂ ನಾನೊಮ್ಮೆ ಎಡವಿದೆ. ಎಲ್ಲರಿಗೂ ಗೊತ್ತಿರುವುದೆಂದು 'ಬದುಕು ಜಟಕಾ ಬಂಡಿ' ಎಂದು ಆರಂಭಿಸಿದರೆ, ಹಿರಿಯರೊಬ್ಬರು ಉತ್ಸಾಹದಿಂದ ಉಳಿದದ್ದನ್ನು ತಾವೇ ಹೇಳುತ್ತ ಹೋದರು. ಮದುವೆಯ ಪಕ್ಕದಲ್ಲೇ ಮಸಣ ಬರುವುದು ನನಗೆ ನೆನಪಾಗುವಷ್ಟರಲ್ಲಿ ಆ ಸಾಲು ಬಂದೇಬಿಟ್ಟಿತು. ಎದುರಿನ ಹಾಸಿಗೆಯವರಿಗೆ ಮರುದಿನ ಬೆಳಿಗ್ಗೆ ಆಪರೇಷನ್ ಇತ್ತು. ಅವರು ಗೋಡೆಯ ಕಡೆ ಹೊರಳಿ ಮಲಗಿದರು. 945 ಪದ್ಯಗಳಿರುವ ಪುಸ್ತಕದಲ್ಲಿ ಸಾವು, ವಿಧಿಗಳ ಮಾತು ಬೇಕಾದಷ್ಟಿದೆ, ಹಾಗಾಗಿ ಪುಟ ತೆರೆದದ್ದನ್ನು ಓದದೆ, ಇಪ್ಪತ್ತು ಪದ್ಯಗಳನ್ನು ಮೊದಲೇ ಆರಿಸಿ ಚೀಟಿ ಇಟ್ಟುಕೊಳ್ಳಿ.

ಓದಲು ಕೂರುವ ಮೊದಲು ಇಂದು ಯಾರು ಉಪವಾಸವಿದ್ದಾರೆಂದು ನರ್ಸನ್ನು ಕೇಳಿಕೊಳ್ಳಿ. ಆಪರೇಷನ್ನಿಗಾಗಿ ನೀರೂ ಮುಟ್ಟದೆ ಮಲಗಿದವರ ಪಕ್ಕದಲ್ಲಿ ಹಬ್ಬದೂಟದ ವರ್ಣನೆ ಓದಿ ನಾನು ಬೈಸಿಕೊಂಡಿದ್ದೇನೆ. ಪುಸ್ತಕಕ್ಕೆ ಒರೆಸಬಹುದಾದ ಪ್ಲಾಸ್ಟಿಕ್ ಹೊದಿಕೆ ಹಾಕಿ. ರೋಗಿಯ ಹಾಸಿಗೆಯ ಮೇಲೆ ಅದನ್ನು ಇಡಬೇಡಿ.