38 ವಿಸಿಟಿಂಗ್ ಕಾರ್ಡು, ಒಂದೂ ಮಾತಿಲ್ಲ

(ಹೆಸರನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮಂಜುನಾಥ ಮೊದಲ ದಿನ ಕುರ್ಚಿಯಲ್ಲಿ ಕೂರುವ ಮೊದಲೇ ರಬ್ಬರ್ ಬ್ಯಾಂಡ್ ಹಾಕಿದ ವಿಸಿಟಿಂಗ್ ಕಾರ್ಡಿನ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟರು. "38 ಇದೆ ಮೇಡಂ. ಒಬ್ಬರ ಮುಖಾನೂ ನೆನಪಿಲ್ಲ" ಅಂದರು.

ವಯಸ್ಸು 31. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ವರ್ಷದಿಂದ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಆರ್ಡರ್ ಕಡಿಮೆಯಾಗಿ ಎರಡು ಶಿಫ್ಟು ಒಂದಾಗಿತ್ತು. ಬೇರೆ ಕಡೆ ನೋಡಿಕೊಳ್ಳಬೇಕು ಅನ್ನುವುದು ಗೊತ್ತಿತ್ತು, ಆದರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಕಾರ್ಖಾನೆ ಮೆಟ್ಟಿಲು ಹತ್ತಿದ ಮೊದಲನೆಯವರು ಅವರೇ. "ನಮ್ಮ ಕಡೆಯವರು ಅಲ್ಲೊಬ್ಬರಿದ್ದಾರೆ" ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವರ ಭಾವ ಬಲವಂತ ಮಾಡಿ ತುಮಕೂರು ರಸ್ತೆಯಲ್ಲಿ ನಡೆದ ಯಂತ್ರೋಪಕರಣಗಳ ಪ್ರದರ್ಶನಕ್ಕೆ ಕಳಿಸಿದ್ದರು. ಬಸ್ಸಿನಲ್ಲಿ ಪರಿಚಯದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದರು. ಮಳಿಗೆಗಳ ಬಟ್ಟಲಿನಲ್ಲಿಟ್ಟ ಕಾರ್ಡು ಎತ್ತಿಕೊಂಡರು, ಮೂರು ಸಲ ಶೌಚಾಲಯಕ್ಕೆ ಹೋಗಿ ನಿಂತರು, ಮಧ್ಯಾಹ್ನಕ್ಕೆ ವಾಪಸು ಬಂದರು. ಆಮೇಲೆ ಎರಡು ರಾತ್ರಿ ನಿದ್ದೆಯಿಲ್ಲ.

ಇಂಥವರು ಬಂದಾಗ ನಾನು ಮೊದಲು ತಿಳಿದುಕೊಳ್ಳುವುದು, ಇದು ಸಂಕೋಚವೋ ಅದಕ್ಕಿಂತ ಆಳದ ಆತಂಕವೋ ಎಂಬುದನ್ನು. ಕ್ಯಾಂಟೀನಿನಲ್ಲಿ ಎಲ್ಲರೆದುರು ಊಟ ಮಾಡಲು ಆಗುತ್ತದೆಯೇ, ಗೊತ್ತಿಲ್ಲದ ನಂಬರಿನ ಫೋನು ಎತ್ತುತ್ತೀರಾ, ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದೀರಾ, ಎದೆ ಹೊಡೆದುಕೊಂಡು ಅಲ್ಲಿಂದ ಓಡಿಬಂದದ್ದುಂಟೇ ಎಂದು ಕೇಳುತ್ತೇನೆ. ಇವು ವರ್ಷಗಟ್ಟಲೆ ಬದುಕನ್ನು ಕಿರಿದು ಮಾಡಿದ್ದರೆ ನಾನೊಬ್ಬಳೇ ಮುಂದುವರಿಯುವುದಿಲ್ಲ, ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಅಲ್ಲಿಗೆ ಹೋಗಲು ಹಿಂಜರಿಯುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಕೊಡುತ್ತೇನೆ, ಕನ್ನಡದಲ್ಲೇ ಮಾತಾಡಬಹುದು. ಮಂಜುನಾಥ ಅವರಿಗೆ ಅಷ್ಟು ಇರಲಿಲ್ಲ. ಮದುವೆಗೆ ಹೋಗುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಉಂಡು ಬರುತ್ತಾರೆ.

"ಕೆಲಸದಲ್ಲಿ ಯಾರ ಹತ್ರಾನಾದ್ರೂ ಗಟ್ಟಿಯಾಗಿ ಮಾತಾಡ್ತೀರಾ?" ಎಂದೆ.

"ಪೀಸ್ ರಿಜೆಕ್ಟ್ ಮಾಡುವಾಗ ಮಾತಾಡಲೇಬೇಕಲ್ಲ ಮೇಡಂ. ಆಪರೇಟರ್ ಒಪ್ಪಲ್ಲ, ಜಗಳಕ್ಕೇ ಬರ್ತಾನೆ. ಬಾರಪ್ಪ, ನೀನೇ ಮೈಕ್ರೋಮೀಟರ್ ಹಿಡಿದು ನೋಡು ಅಂತೀನಿ."

ಈ ಪ್ರಕರಣದ ಬೀಗದ ಕೈ ನನಗೆ ಸಿಕ್ಕಿದ್ದು ಇಲ್ಲಿ. ಪೀಸು ಕೈಯಲ್ಲಿದ್ದಾಗ ಅವರ ಗಮನ ಪೀಸಿನ ಮೇಲಿರುತ್ತದೆ. ಪ್ರದರ್ಶನದ ಗದ್ದಲದಲ್ಲಿ ಅದೇ ಗಮನ ತಮ್ಮ ಮೇಲೇ ತಿರುಗಿತ್ತು. ದನಿ ನಡುಗುತ್ತಿದೆಯಾ, ಕೈ ಎಲ್ಲಿಟ್ಟುಕೊಳ್ಳಲಿ, ಎದುರಿನವರು ಏನಂದುಕೊಂಡರು ಎಂಬುದೇ ಯೋಚನೆ. 1995ರಲ್ಲಿ ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಮನೋವಿಜ್ಞಾನಿಗಳು ಜನರೆದುರಿನ ಆತಂಕವನ್ನು ವಿವರಿಸಿದ್ದು ಹೀಗೆಯೇ. ಮನುಷ್ಯ ಎದುರಿನವರನ್ನು ನೋಡುವುದು ಬಿಟ್ಟು ತನ್ನನ್ನೇ ಕಾವಲು ಕಾಯತೊಡಗುತ್ತಾನೆ. ಬಾಯಿಪಾಠ ಮಾಡಿದ ಪರಿಚಯವೂ ಆ ಕಾವಲಿನ ಭಾಗವೇ. ಅದು ಕೈಕೊಡುತ್ತಲೇ ಇವರಿಗೆ ಏನೂ ಉಳಿಯಲಿಲ್ಲ. ಹಾಗಾಗಿ ಇನ್ನೂ ಹತ್ತು ಪ್ರದರ್ಶನಕ್ಕೆ ಹೋಗಿ ರೂಢಿ ಮಾಡಿಕೊಳ್ಳಿ ಎಂದು ನಾನು ಹೇಳಲಿಲ್ಲ. ಒಬ್ಬರೇ ಎದುರಿಗಿದ್ದು, ನಡುವೆ ಒಂದು 'ಪೀಸು' ಇರುವಂಥ ಮಾತು ಬೇಕಿತ್ತು.

ಕಾರ್ಡಿನ ಕಟ್ಟನ್ನು ಬದಿಗಿಟ್ಟು ಫೋನು ತೆರೆಯಲು ಹೇಳಿದೆ. ಹಿಂದೆ ಜೊತೆಗೆ ಕೆಲಸ ಮಾಡಿದವರು, ಪಾಲಿಟೆಕ್ನಿಕ್ಕಿನಲ್ಲಿ ಓದಿದವರು, ಅಳತೆಯ ಉಪಕರಣ ಸರಿಯಿದೆಯೇ ಎಂದು ನೋಡುವ ಗೇಜ್ ಕ್ಯಾಲಿಬ್ರೇಷನ್‌ಗೆ ಬರುತ್ತಿದ್ದವರು ಎಲ್ಲ ಸೇರಿ 13 ಹೆಸರಾಯಿತು. ದಿನಾ ಸಿಗುವ ನಾಲ್ವರು ರೂಮಿನ ಗೆಳೆಯರನ್ನು ಬಿಟ್ಟೆವು. ಮಂಜುನಾಥ ಅವರಿಗೆ ಬೇಜಾರಾಯಿತು. ಉಳಿದ ಒಂಬತ್ತು ಜನರ ಹತ್ತಿರ ಎರಡು ಮೂರು ವರ್ಷದಿಂದ ಮಾತೇ ಆಡಿರಲಿಲ್ಲ. ಆದರೆ ರೂಮಿನ ಗೆಳೆಯರು ಅದೇ ಘಟಕದವರು, ಇವರಿಗೆ ಗೊತ್ತಿರುವಷ್ಟೇ ಅವರಿಗೂ ಗೊತ್ತು. ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಹಿಡಿದವರ ಒಂದು ಸಣ್ಣ ಗುಂಪನ್ನು ವಿಚಾರಿಸಿದ್ದರು. ಆಗಾಗ್ಗೆ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ, ಮಿಕ್ಕವರಿಗೆಲ್ಲ ಅಪರೂಪಕ್ಕೋ ಎಂದಾದರೊಮ್ಮೆಯೋ ಸಿಗುವವರಿಂದ. ದೂರದ ಪರಿಚಯದವರು ಓಡಾಡುವ ಜಾಗ ಬೇರೆ, ಕಿವಿಗೆ ಬೀಳುವ ಸುದ್ದಿಯೂ ಬೇರೆ. ಸಂಕೋಚದವರಿಗೆ ಇದರಲ್ಲೊಂದು ಅನುಕೂಲವಿದೆ. ಹಳೇ ಪರಿಚಯದವರೆದುರು ತಾನು ಯಾರೆಂದು ಮೊದಲಿಂದ ಹೇಳಿಕೊಳ್ಳಬೇಕಾಗಿಲ್ಲ.

ಮೊದಲ ಹೆಸರು ಹಳೇ ಶಿಫ್ಟ್ ಇನ್‌ಚಾರ್ಜ್ ಒಬ್ಬರದು. ಅವರು ಈಗ ಬೇರೆ ಕಡೆ ಸಿಎಂಎಂ ವಿಭಾಗ ನೋಡಿಕೊಳ್ಳುತ್ತಿದ್ದರು. ಸಿಎಂಎಂ ಅಂದರೆ ಸಣ್ಣ ಗುಂಡಿನಂಥ ತುದಿಯನ್ನು ಭಾಗದ ಮೈಗೆ ತಾಗಿಸಿ ಅಳತೆ ತೆಗೆಯುವ ಯಂತ್ರ. ಮಂಜುನಾಥ ಬರೆದ ಸಂದೇಶ ಹೀಗಿತ್ತು: "ಸರ್ ನಮಸ್ತೆ, ಹೇಗಿದ್ದೀರಾ? ಏನಾದರೂ ವೇಕೆನ್ಸಿ ಇದ್ರೆ ದಯವಿಟ್ಟು ಹೇಳಿ ಸರ್."

ಇದನ್ನು ಓದಿದವರಿಗೆ ಇರುವುದು ಎರಡೇ ಉತ್ತರ, ಇದೆ ಅಥವಾ ಇಲ್ಲ. ಸಾಮಾನ್ಯವಾಗಿ ಇರುವುದಿಲ್ಲ, ಇಲ್ಲ ಅನ್ನಲು ಮುಜುಗರ, ಅದಕ್ಕೇ ಸುಮ್ಮನಾಗುತ್ತಾರೆ. ಸಂಕೋಚದವರು ಆ ಮೌನವನ್ನು ತಮ್ಮ ಮೇಲಿನ ತೀರ್ಪೆಂದು ಓದಿಕೊಳ್ಳುತ್ತಾರೆ. "ಅವರಿಗೆ ಗೊತ್ತಿದ್ದು ನಿಮಗೆ ನಿಜವಾಗ್ಲೂ ತಿಳೀಬೇಕು ಅನ್ನಿಸೋದು ಏನು?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಒಂದು ಪ್ರಶ್ನೆ ಹೇಳಿದರು. ಇಬ್ಬರೂ ಕೂತು ಹೀಗೆ ಬರೆದೆವು:

"ಸರ್ ನಮಸ್ತೆ, ನಾನು ಮಂಜುನಾಥ. ನಾನು ಟ್ರೈನಿ ಆಗಿದ್ದಾಗ ಬೋರ್ ಗೇಜ್ ಹಿಡಿಯೋದು ನೀವೇ ಹೇಳಿಕೊಟ್ಟಿದ್ದು. ನಮ್ಮಲ್ಲಿ ಕೆಲಸ ಕಡಿಮೆ ಆಗಿದೆ, ಬೇರೆ ಕಡೆ ನೋಡ್ತಾ ಇದೀನಿ. ನಿಮ್ಮನ್ನ ಕೆಲಸ ಕೊಡಿಸಿ ಅಂತ ಕೇಳ್ತಿಲ್ಲ, ಒಂದು ವಿಷಯ ತಿಳ್ಕೋಬೇಕಿತ್ತು. ಮೈಕ್ರೋಮೀಟರ್, ಹೈಟ್ ಗೇಜ್‌ನಲ್ಲೇ ಇದ್ದವನು ಸಿಎಂಎಂಗೆ ಬರಬೇಕಂದ್ರೆ ಮೊದಲು ಏನು ಕಲೀಬೇಕು? ಭಾನುವಾರ ಹದಿನೈದು ನಿಮಿಷ ಫೋನ್ ಮಾಡಬಹುದಾ ಸರ್? ಆಗದಿದ್ರೂ ಪರವಾಗಿಲ್ಲ."

ಅದೇ ಸಂಜೆ ಉತ್ತರ ಬಂತು. ಭಾನುವಾರದ ಮಾತು 40 ನಿಮಿಷ ನಡೆಯಿತು. ಬರೆದುಕೊಂಡು ಹೋದ ಐದು ಪ್ರಶ್ನೆಗಳಲ್ಲಿ ಎರಡನ್ನೇ ಕೇಳಿದ್ದು. ಸಿಎಂಎಂ ಕೋಣೆಯನ್ನು 20 ಡಿಗ್ರಿಯಲ್ಲೇ ಇಡಬೇಕು ಎಂದು ಅವರು ಹೇಳಿದಾಗ ಇವರು ಥಟ್ಟನೆ, "ಹಾಗಾದ್ರೆ ಮೆಷಿನ್‌ನಿಂದ ಬಿಸಿಬಿಸಿ ಬಂದ ಪೀಸ್ ಎಷ್ಟು ಹೊತ್ತು ಇಟ್ಟಿರ್ತೀರಾ ಸರ್?" ಎಂದರಂತೆ. ಅಲ್ಲಿಂದ ಮಾತು ತಾನಾಗಿ ಹರಿಯಿತು. ಪೀಸಿನ ದಪ್ಪ, ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದು, ಅವಸರದಲ್ಲಿ ಅಳೆದು ಒಂದು ಲಾಟ್ ಪೂರ್ತಿ ತಪ್ಪಾಗಿ ರಿಜೆಕ್ಟ್ ಆದದ್ದು, ಎಲ್ಲ ಬಂತು. ಎದುರಿನವರು ಹೇಳಿದ್ದನ್ನೇ ಹಿಡಿದು ಮುಂದಿನದನ್ನು ಕೇಳುವುದು ಕೇಳಿಸಿಕೊಳ್ಳುವವರಿಗೆ ಮಾತ್ರ ಸಾಧ್ಯ. ಮಾತು ಕಡಿಮೆಯಿರುವವರಲ್ಲಿ ಅದು ಬಹಳಷ್ಟು ಸಲ ಇದ್ದೇ ಇರುತ್ತದೆ.

ಎರಡನೆಯ ಮಾತು ಕೆಟ್ಟಿತು. ಮೊದಲನೆಯದು ಚೆನ್ನಾಗಿ ಆಯಿತಲ್ಲ ಎಂದು ಧೈರ್ಯ ಬಂದು, ಪಾಲಿಟೆಕ್ನಿಕ್ಕಿನ ಗೆಳೆಯನೊಬ್ಬನನ್ನು "ಸುಮ್ನೆ ಮಾತಾಡೋಣ" ಎಂದು ದರ್ಶಿನಿಗೆ ಕರೆದರು. ಕೆಲಸ ಹುಡುಕುತ್ತಿರುವುದನ್ನು ಹೇಳಲಿಲ್ಲ. ಇಡ್ಲಿ ಮುಗಿದು ಕಾಫಿ ಬಂದಾಗ "ನಿಮ್ಮಲ್ಲಿ ತಗೋತಿದಾರಾ?" ಅಂದರು. ಗೆಳೆಯನ ಮುಖ ಚಿಕ್ಕದಾಯಿತು. "ಇದಕ್ಕೇನಾ ಕರೆದಿದ್ದು?" ಎಂದನಂತೆ. ಮಂಜುನಾಥ ಮುಂದಿನ ವಾರ ಬರಲೇ ಇಲ್ಲ, ನಾನೇ ಫೋನು ಮಾಡಬೇಕಾಯಿತು. ಇದರಲ್ಲಿ ನನ್ನ ಪಾಲೂ ಇತ್ತು. ಕೆಲಸ ಕೇಳಬೇಡಿ ಎಂದು ಒತ್ತಿ ಹೇಳಿದ್ದೆ, ಹುಡುಕುತ್ತಿರುವುದನ್ನು ಮುಚ್ಚಿಡಬೇಡಿ ಎಂಬುದನ್ನು ಅಷ್ಟೇ ಒತ್ತಿ ಹೇಳಿರಲಿಲ್ಲ. ಆಡದೆ ಇಟ್ಟುಕೊಂಡ ಉದ್ದೇಶ ಕೊನೆಗೆ ಹೊರಬಂದಾಗ, ಅದಕ್ಕೆ ಮುಂಚೆ ಆಡಿದ ಪ್ರೀತಿಯ ಮಾತೂ ಸುಳ್ಳಾಗಿ ಕಾಣುತ್ತದೆ. ಗೆಳೆಯನಿಗೆ ಎರಡು ಸಾಲು ಬರೆಯಲು ಹೇಳಿದೆ: "ಅವತ್ತು ಮೊದಲೇ ಹೇಳಬೇಕಿತ್ತು ಕಣೋ, ಸಂಕೋಚ ಆಯ್ತು. ತಪ್ಪು ತಿಳ್ಕೋಬೇಡ." ಮೂರು ದಿನ ಬಿಟ್ಟು "ಬಿಡೋ ಮಾರಾಯ" ಎಂಬ ಉತ್ತರ ಬಂತು.

ಮಾತು ಮುಗಿದ ಮೇಲಿನ ರಾತ್ರಿ ಇನ್ನೊಂದು ತೊಂದರೆ. ಚೆನ್ನಾಗಿ ನಡೆದ ಭಾನುವಾರದ ಫೋನನ್ನೂ ಅವರು ನೆನೆನೆನೆದು ಹಾಳು ಮಾಡಿಕೊಂಡಿದ್ದರು. "ಜಾಸ್ತಿ ಕೊರೆದೆ ಅನ್ಸುತ್ತೆ ಮೇಡಂ. ಸರ್‌ಗೆ ಬೇಜಾರಾಗಿರುತ್ತೆ." ಮನೋವಿಜ್ಞಾನಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸಬರೊಡನೆ ಮಾತಾಡಿದವರು ಎದುರಿನವರಿಗೆ ತಾವೆಷ್ಟು ಇಷ್ಟವಾದೆವು ಎಂಬುದನ್ನು ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದರು, ಸಂಕೋಚ ಹೆಚ್ಚಿದ್ದವರಲ್ಲಿ ಆ ತಪ್ಪು ಇನ್ನೂ ದೊಡ್ಡದಿತ್ತು. ಇದನ್ನು ಹೇಳಿದರೆ ತಲೆಯಾಡಿಸಿದರು, ನಂಬಲಿಲ್ಲ. ಅಳತೆಯ ಮನುಷ್ಯನಿಗೆ ಅಳತೆಯನ್ನೇ ಕೊಡುವುದು ಸರಿಯೆನ್ನಿಸಿತು. ಮಾತು ಮುಗಿದ ಹತ್ತು ನಿಮಿಷದೊಳಗೆ ಮೂರೇ ಸಾಲು ಬರೆಯಿರಿ ಎಂದೆ: ಅವರು ಹೇಳಿದ್ದೇನು, ಅವರು ನನ್ನನ್ನು ಕೇಳಿದ್ದೇನು, ನಾನು ಮಾಡುತ್ತೇನೆಂದು ಒಪ್ಪಿದ್ದೇನು. ಎರಡನೆಯ ಸಾಲೇ ಮುಖ್ಯ. ಬೇಜಾರಾದವರು ತಿರುಗಿ ಪ್ರಶ್ನೆ ಕೇಳುವುದಿಲ್ಲ. ಆ ಭಾನುವಾರ ಹಳೇ ಇನ್‌ಚಾರ್ಜ್ ಇವರನ್ನು ನಾಲ್ಕು ಪ್ರಶ್ನೆ ಕೇಳಿದ್ದರು. ಅದನ್ನು ಬರೆದು ನೋಡಿದ ಮೇಲೆ ಕೊರೆದೆ ಎಂಬ ಮಾತು ನಿಂತಿತು.

ಮೂರನೆಯ ಸಾಲಿನಿಂದ ಇನ್ನೊಂದು ಕೆಲಸ ಹುಟ್ಟಿತು. ಇನ್‌ಚಾರ್ಜ್ ಅವರು, ಭಾಗದ ಆಕಾರ ಎಷ್ಟು ಹೆಚ್ಚುಕಡಿಮೆ ಇರಬಹುದೆಂದು ಡ್ರಾಯಿಂಗಿನಲ್ಲಿ ತೋರಿಸುವ ಜಿಡಿ ಅಂಡ್ ಟಿ ಚಿಹ್ನೆಗಳನ್ನು ಮೊದಲು ಸರಿಯಾಗಿ ಕಲಿ, ಸಾಫ್ಟ್‌ವೇರ್ ಆಮೇಲೆ ಎಂದಿದ್ದರು. ಮಂಜುನಾಥ ಮೂರು ವಾರ ಅದನ್ನೇ ಓದಿ, ತಮ್ಮಲ್ಲಿನ ಒಂದು ಹಳೇ ಭಾಗದಲ್ಲಿ ಡೇಟಮ್, ಅಂದರೆ ಅಳತೆಗೆ ಆಧಾರವಾಗಿ ಹಿಡಿಯುವ ಮೈ, ಗುರುತಿಸಿದ್ದು ಸರಿಯೇ ಎಂದು ಕೈಯಲ್ಲಿ ಬಿಡಿಸಿದ ಚಿತ್ರ ಕಳಿಸಿ ಕೇಳಿದರು. ಸಲಹೆ ಕೊಟ್ಟವರಿಗೆ ಅದು ಏನಾಯಿತೆಂದು ತಿರುಗಿ ಹೇಳುವವರು ಕಡಿಮೆ. ಅವರು ಚಿತ್ರದಲ್ಲಿನ ತಪ್ಪನ್ನು ತಿದ್ದಿ ಕಳಿಸಿದರು, ಜೊತೆಗೆ "ನಮ್ಮ ಕ್ಯಾಲಿಬ್ರೇಷನ್‌ನವರೊಬ್ಬರಿದ್ದಾರೆ, ಮಾತಾಡು" ಎಂದು ನಂಬರನ್ನೂ ಕೊಟ್ಟರು. ಆ ನಂಬರನ್ನು ಇವರು ಕೇಳಿರಲಿಲ್ಲ.

ಐದು ತಿಂಗಳಲ್ಲಿ ಒಂಬತ್ತೂ ಜನರಿಗೆ ಬರೆದರು. ಐವರು ಉತ್ತರಿಸಿದರು. ಉತ್ತರಿಸದವರಿಗೆ ಎರಡು ವಾರ ಬಿಟ್ಟು ಇನ್ನೊಂದು ಸಲ ಮಾತ್ರ ಬರೆಯುವುದು, ಆಮೇಲೆ ಬಿಟ್ಟುಬಿಡುವುದು ಎಂದು ಮಾತಾಗಿತ್ತು. ವಾರಕ್ಕೊಂದಕ್ಕಿಂತ ಹೆಚ್ಚು ಮಾತುಕತೆ ಇಟ್ಟುಕೊಳ್ಳಬೇಡಿ ಎಂದಿದ್ದೆ, ಅವರಿಗೆ ಅಷ್ಟೂ ಆಗಲಿಲ್ಲ, ತಿಂಗಳಿಗೆ ಎರಡಾಯಿತು. ಈ ದಾರಿ ನಿಧಾನದ್ದು. ಮುಂದಿನ ತಿಂಗಳ ಬಾಡಿಗೆಗೇ ತೊಂದರೆ ಇರುವವರಿಗೆ ಇದೊಂದನ್ನೇ ನಂಬಿ ಎಂದು ನಾನು ಹೇಳುವುದಿಲ್ಲ, ಜೊತೆಗೆ ಅರ್ಜಿಗಳನ್ನೂ ಹಾಕಬೇಕು. ಮಂಜುನಾಥ ಹಾಕುತ್ತಲೇ ಇದ್ದರು.

ಕೆಲಸ ಸಿಕ್ಕಿದ್ದು ಹಳೇ ಇನ್‌ಚಾರ್ಜ್ ಅವರಲ್ಲಲ್ಲ, ಅವರು ಕೊಟ್ಟ ನಂಬರಿನವರಲ್ಲೂ ಅಲ್ಲ. ಆ ಕ್ಯಾಲಿಬ್ರೇಷನ್‌ನವರು ಕೆಲಸದ ಮೇಲೆ ಹೋಗಿದ್ದ ಇನ್ನೊಂದು ಘಟಕದಲ್ಲಿ ಅಳತೆ ಗೊತ್ತಿರುವ ಹುಡುಗರು ಬೇಕೆಂದು ಕೇಳಿಸಿಕೊಂಡು, ಇವರ ಹೆಸರು ಹೇಳಿದ್ದರು.

ಈ ಸಲದ ಪ್ರದರ್ಶನಕ್ಕೂ ಹೋಗಿದ್ದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು. ಇನ್‌ಚಾರ್ಜ್ ಅವರ ಜೊತೆ, ಸಿಎಂಎಂ ಇಟ್ಟಿದ್ದ ಒಂದೇ ಮಳಿಗೆಗೆ. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದು, ಹೊರಗೆ ಬಂದು ಇಬ್ಬರೂ ಟೀ ಕುಡಿದು ಮನೆಗೆ ಹೋದರಂತೆ. ಕಾರ್ಡು ಎಷ್ಟು ತಂದಿರಿ ಎಂದು ಕೇಳಿದೆ.

"ತಗೊಳ್ಳೋದೇ ಮರೆತೋಯ್ತು ಮೇಡಂ" ಅಂದರು.